ಕಂಬದ ಹಿಂದೆ ಹೋದ ಅಂಗಿ: ಎಐ ಚಿತ್ರಕ್ಕೂ ಎಐ ವಿಡಿಯೊಗೂ ಇರುವ ಅಂತರ

ಎಲ್ಲರಿಗೂ ನಮಸ್ಕಾರ.

ಎಐ ಒಂದು ಚಿತ್ರವನ್ನು ಇಷ್ಟು ಚೆನ್ನಾಗಿ ಮಾಡಿಕೊಡುವಾಗ, ಅಂಥವೇ ಎಂಬತ್ತು ಚಿತ್ರ ಸಾಲಾಗಿ ಮಾಡಿಸಿದರೆ ವಿಡಿಯೊ ಆಗಿಬಿಡುವುದಿಲ್ಲವೇ? ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹಾಗೆ ಯಾಕೆ ಆಗುವುದಿಲ್ಲ ಎಂದು ತಿಳಿದರೆ ವಿಡಿಯೊದ ಗುಟ್ಟು ಅರ್ಧ ತಿಳಿದ ಹಾಗೆ. ಅದಕ್ಕಾಗಿ ಒಂದೇ ದೃಶ್ಯ ಇಟ್ಟುಕೊಳ್ಳೋಣ. ಪಟ್ಟೆ ಅಂಗಿ ತೊಟ್ಟ ಒಬ್ಬ ವ್ಯಕ್ತಿ ಎಡದಿಂದ ಬಲಕ್ಕೆ ನಡೆದು ಬರುತ್ತಾನೆ. ನಡುವೆ ಒಂದು ದಪ್ಪ ಕಂಬ ಇದೆ. ಅದರ ಹಿಂದೆ ಮರೆಯಾಗಿ ಆಚೆ ಕಡೆಯಿಂದ ಹೊರಬರುತ್ತಾನೆ. ಒಟ್ಟು 5 ಸೆಕೆಂಡ್.

ಮೊದಲು, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಮಾಡಿಸಿದರೆ ಏನಾಗುತ್ತದೆ ನೋಡಿ. ಚಿತ್ರ ಮಾಡುವ ಎಐ ಮಾದರಿಗಳು ಶುರು ಮಾಡುವುದು ನಾಯ್ಸ್‌ನಿಂದ, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳಿಂದ. ಅದನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಚಿತ್ರ ಮಾಡುತ್ತವೆ. ಪ್ರತಿ ಫ್ರೇಮಿಗೂ ಹೊಸ ನಾಯ್ಸ್ ಕೊಟ್ಟರೆ ಪ್ರತಿ ಫ್ರೇಮಿನಲ್ಲೂ ಅಂಗಿಯ ಪಟ್ಟೆಗಳ ಲೆಕ್ಕ ಬದಲಾಗುತ್ತದೆ, ಕೂದಲು ಬೇರೆ ಕಡೆ ಬಾಗುತ್ತದೆ, ಗೋಡೆಯ ಕಲೆಗಳು ಜಾಗ ಬದಲಿಸುತ್ತವೆ. ಓಡಿಸಿ ನೋಡಿದರೆ ಇಡೀ ತೆರೆ ಮಿಣಮಿಣ ಅನ್ನುತ್ತದೆ. ಹಾಗಾದರೆ ಎಲ್ಲ ಫ್ರೇಮಿಗೂ ಒಂದೇ ನಾಯ್ಸ್ ಕೊಡೋಣ ಎಂದರೆ ಅಲ್ಲೊಂದು ವಿಚಿತ್ರ ಕಾದಿರುತ್ತದೆ. ಆ ನಾಯ್ಸ್ ತೆರೆಗೆ ಅಂಟಿಕೊಂಡಿದೆ, ಮನುಷ್ಯನಿಗೆ ಅಲ್ಲ. ಮನುಷ್ಯ ಮುಂದೆ ಹೋಗುತ್ತಾನೆ, ಬಟ್ಟೆಯ ನೇಯ್ಗೆ ಮಾತ್ರ ಇದ್ದಲ್ಲೇ ನಿಂತುಬಿಡುತ್ತದೆ. ಕೊಳಕಾದ ಗಾಜಿನ ಹಿಂದೆ ಯಾರೋ ನಡೆದು ಹೋದ ಹಾಗೆ ಕಾಣುತ್ತದೆ.

ಹಾಗಾಗಿ ಫ್ರೇಮುಗಳು ಒಂದನ್ನೊಂದು ನೋಡಿಕೊಂಡೇ ಹುಟ್ಟಬೇಕು. 2023ರಲ್ಲಿ ಬಂದ ಅನಿಮೇಟ್‌ಡಿಫ್ ಎಂಬ ವಿಧಾನ ಮಾಡಿದ್ದು ಇದನ್ನೇ. ಆಗಲೇ ತಯಾರಿದ್ದ ಚಿತ್ರದ ಮಾದರಿಯನ್ನು ಹಾಗೇ ಬಿಟ್ಟು, ಅದರ ಒಳಗಿನ ಲೆಕ್ಕದ ಪದರಗಳ ನಡುವೆ ಫ್ರೇಮುಗಳನ್ನು ಹೋಲಿಸಿ ನೋಡುವ ಪದರಗಳನ್ನು ಸೇರಿಸಿದರು. ಈಗಿನ ದೊಡ್ಡ ಮಾದರಿಗಳು ಇನ್ನೂ ಮುಂದೆ ಹೋಗಿ, ಇಡೀ ತುಣುಕನ್ನು ಒಂದೇ ಘನವಸ್ತುವಿನ ಹಾಗೆ ತೆಗೆದುಕೊಳ್ಳುತ್ತವೆ. ಅದರ ಅಗಲ, ಎತ್ತರದ ಜೊತೆಗೆ ಕಾಲವೂ ಒಂದು ಅಳತೆ.

ಇದಕ್ಕೆ ತೆರಬೇಕಾದ ಬೆಲೆಯನ್ನು ನಾವೇ ಲೆಕ್ಕ ಹಾಕಬಹುದು. ಎಲ್ಲರಿಗೂ ಬಳಕೆಗೆ ಸಿಗುವ ವಾನ್ 2.1 ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಒಂದು ಸಾಮಾನ್ಯ ತುಣುಕು 832×480 ಅಳತೆಯದು. ಸೆಕೆಂಡಿಗೆ 16ರಂತೆ 81 ಫ್ರೇಮ್, ಅಂದರೆ ಸುಮಾರು 5 ಸೆಕೆಂಡ್. ಮಾದರಿ ನೇರವಾಗಿ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಮೊದಲು ಅಗಲವನ್ನೂ ಎತ್ತರವನ್ನೂ ಎಂಟರಲ್ಲಿ ಒಂದು ಪಾಲಿಗೆ ಕುಗ್ಗಿಸುತ್ತದೆ. ಆಗ 104×60 ಆಯಿತು. ಕಾಲದಲ್ಲಿ ಮೊದಲ ಫ್ರೇಮನ್ನು ಒಂಟಿಯಾಗಿ ಬಿಟ್ಟು, ಉಳಿದ 80ನ್ನು ನಾಲ್ಕು ನಾಲ್ಕಾಗಿ ಮಡಚುತ್ತದೆ. ಒಟ್ಟು 21 ಪದರ. ಪ್ರತಿ ಪದರವನ್ನು 2×2ರ ತುಂಡು ಮಾಡಿದರೆ ಪದರಕ್ಕೆ 1,560 ತುಂಡು, ಇಡೀ ತುಣುಕಿಗೆ 32,760. ಪ್ರತಿ ತುಂಡೂ ಉಳಿದೆಲ್ಲ ತುಂಡುಗಳನ್ನು ನೋಡಬೇಕು. ಒಂದು ಸ್ಥಿರ ಚಿತ್ರಕ್ಕಾದರೆ ಈ ನೋಟಗಳ ಸಂಖ್ಯೆ ಸುಮಾರು 24 ಲಕ್ಷ. ನಮ್ಮ 5 ಸೆಕೆಂಡಿಗೆ ಸುಮಾರು 107 ಕೋಟಿ. ಚಿತ್ರಕ್ಕಿಂತ 441 ಪಟ್ಟು.

ವಿಡಿಯೊದ ಫ್ರೇಮೊಂದನ್ನು ನಿಲ್ಲಿಸಿ ನೋಡಿದರೆ ಅದು ಒಳ್ಳೆಯ ಸ್ಥಿರ ಚಿತ್ರದಷ್ಟು ಚೊಕ್ಕವಾಗಿ ಇರದಿರುವುದಕ್ಕೆ ದೊಡ್ಡ ಕಾರಣ ಈ ಹೊರೆಯೇ. ಅಳತೆ ಹೆಚ್ಚಿಸಿದರೆ ಲೆಕ್ಕ ಕೈಮೀರುತ್ತದೆ, ಆದ್ದರಿಂದ ಚಿಕ್ಕ ಅಳತೆಗೆ ಒಪ್ಪಿಕೊಳ್ಳಬೇಕಾಗುತ್ತದೆ. ನಾಲ್ಕು ಫ್ರೇಮನ್ನು ಒಂದಾಗಿ ಮಡಚುವುದರಿಂದ ಬೀಸುವ ಕೈ, ತಿರುಗುವ ಬೆರಳುಗಳು ಕಲಸಿಹೋಗುತ್ತವೆ. ಇನ್ನೊಂದು ಮಾತನ್ನೂ ಮರೆಯಬಾರದು. ಸ್ಥಿರ ಚಿತ್ರದಲ್ಲಿ ಹತ್ತು ಮಾಡಿಸಿ ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳುತ್ತೇವೆ. ವಿಡಿಯೊದಲ್ಲಿ 81ಕ್ಕೆ 81ನ್ನೂ ಇಟ್ಟುಕೊಳ್ಳಲೇಬೇಕು. ನಡುವಿನ ಒಂದು ಕೆಟ್ಟರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಈಗ ಕಂಬದ ಹತ್ತಿರ ಬರೋಣ. ವ್ಯಕ್ತಿ ಮರೆಯಾಗಿ ಹೊರಬಂದಾಗ ಅಂಗಿಯ ಮೇಲೆ ಅವೇ ಪಟ್ಟೆಗಳು ಇರಬೇಕು. ಇದೇ ನಿಜವಾದ ಪರೀಕ್ಷೆ. 5 ಸೆಕೆಂಡಿನ ಒಳಗೇ ಇದು ಮುಗಿದರೆ ಮಾದರಿಗೆ ಹಿಂದಿನ ಪದರಗಳನ್ನು ನೋಡುವ ಅವಕಾಶವಿದೆ, ಆದ್ದರಿಂದ ಅಂಗಿ ಬಹುಮಟ್ಟಿಗೆ ಅದೇ ಅಂಗಿಯಾಗಿರುತ್ತದೆ. ಬಹುಮಟ್ಟಿಗೆ ಮಾತ್ರ. ಮಾದರಿಯ ಒಳಗೆ ಎಲ್ಲೂ "ಅಂಗಿಗೆ ಒಂಬತ್ತು ಪಟ್ಟೆ" ಎಂದು ಬರೆದಿಟ್ಟಿರುವುದಿಲ್ಲ. ಪಟ್ಟೆ ಅಂಗಿ ಪಟ್ಟೆ ಅಂಗಿಯ ಹಾಗೆಯೇ ಕಾಣಬೇಕು ಎಂಬ ಒಲವು ಇದೆ, ಅಷ್ಟೇ. ಒಂಬತ್ತು ಏಳಾಗಿ ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ.

ನಿಜವಾದ ತೊಂದರೆ 5 ಸೆಕೆಂಡಿನ ಆಚೆ. ಉದ್ದದ ವಿಡಿಯೊ ಬೇಕೆಂದರೆ ಮೊದಲ ತುಣುಕಿನ ಕೊನೆಯ ಫ್ರೇಮನ್ನು ಮುಂದಿನ ತುಣುಕಿನ ಮೊದಲ ಫ್ರೇಮಾಗಿ ಕೊಡುವುದು ವಾಡಿಕೆ. ಆ ಕೊನೆಯ ಫ್ರೇಮಿನಲ್ಲಿ ನಮ್ಮ ವ್ಯಕ್ತಿ ಕಂಬದ ಹಿಂದೆ ಇದ್ದ ಎಂದುಕೊಳ್ಳಿ. ಎರಡನೆಯ ತುಣುಕು ಆ ಅಂಗಿಯನ್ನು ಕಂಡೇ ಇಲ್ಲ! ಅದು ನೋಡಿದ್ದು ಬರೀ ಕಂಬ. ಪ್ರಾಂಪ್ಟಿನಲ್ಲಿ, ಅಂದರೆ ನಾವು ಬರೆದು ಕೊಡುವ ಸೂಚನೆಯಲ್ಲಿ, "ಪಟ್ಟೆ ಅಂಗಿ" ಎಂದಿದ್ದರೆ ಯಾವುದೋ ಒಂದು ಪಟ್ಟೆ ಅಂಗಿ ಬರುತ್ತದೆ, ಮುಖವೂ ಯಾರದೋ ಆಗಿರಬಹುದು. ಆದ್ದರಿಂದ ತುಣುಕನ್ನು ಕತ್ತರಿಸುವಾಗ ಮುಖ್ಯ ವ್ಯಕ್ತಿ ಪೂರ್ತಿ ಕಾಣುವ ಫ್ರೇಮಿನಲ್ಲೇ ಕತ್ತರಿಸಿ. ಮಾದರಿ ಒಪ್ಪುವುದಾದರೆ ಆತನ ಒಂದು ಸ್ಪಷ್ಟ ಚಿತ್ರವನ್ನು ಆಧಾರವಾಗಿ ಪ್ರತಿ ತುಣುಕಿಗೂ ಕೊಡಿ. ಹೀಗೆ ಮಾಡಿದರೂ, ಕುಗ್ಗಿಸಿ ಬಿಡಿಸುವ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ನಾಲ್ಕೈದು ತುಣುಕು ಆಗುವಷ್ಟರಲ್ಲಿ ಬಣ್ಣ ಗಾಢವಾಗಿ, ಚರ್ಮ ಮೇಣದ ಹಾಗೆ ಕಾಣತೊಡಗುವುದು ಸಾಮಾನ್ಯ.

ತುಣುಕು ಸ್ಥಿರವಾಗಿದೆಯೇ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ, ಓಡುವಾಗ ಕಣ್ಣು ಮೋಸಹೋಗುತ್ತದೆ. ನಾನು ನೆಚ್ಚುವ ಪರೀಕ್ಷೆ ಬಹಳ ಸರಳ. ಪ್ರತಿ ಫ್ರೇಮಿನಿಂದಲೂ ಒಂದೇ ಜಾಗದ ಸಣ್ಣ ಲಂಬ ಸೀಳನ್ನು ಕತ್ತರಿಸಿ ಪಕ್ಕಪಕ್ಕ ಜೋಡಿಸುವುದು. ffmpeg ಎಂಬ ವಿಡಿಯೊ ತಂತ್ರಾಂಶದಲ್ಲಿ ಇದಕ್ಕೆ ಒಂದೇ ಆದೇಶ ಸಾಕು.

```
ffmpeg -i clip.mp4 -vf "crop=2:ih:400:0,tile=81x1" -frames:v 1 slice.png
```

400 ಎಂಬಲ್ಲಿ ಸೀಳು ಎಡದಿಂದ ಎಷ್ಟನೆಯ ಪಿಕ್ಸೆಲ್‌ನಲ್ಲಿ ಇರಬೇಕು ಎಂದು ಕೊಡಬೇಕು. ಕ್ಯಾಮೆರಾ ಅಲುಗಾಡದ ದೃಶ್ಯದಲ್ಲಿ ಗೋಡೆಯ ಜಾಗ ಆರಿಸಿ. ಗೋಡೆ ಸ್ಥಿರವಾಗಿದ್ದರೆ ಸಿಗುವ ಚಿತ್ರದಲ್ಲಿ ನೇರವಾದ ಅಡ್ಡಗೆರೆಗಳು ಕಾಣುತ್ತವೆ. ಮಿಣುಕುತ್ತಿದ್ದರೆ ಗೆರೆಗಳು ಗರಗಸದ ಹಲ್ಲಿನಂತೆ ಒಡೆದಿರುತ್ತವೆ. ನಿಧಾನವಾಗಿ ಬಣ್ಣ ಜಾರುತ್ತಿದ್ದರೆ ಎಡ ತುದಿಗೂ ಬಲ ತುದಿಗೂ ಇರುವ ಛಾಯೆಯ ವ್ಯತ್ಯಾಸದಲ್ಲೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಏನೂ ಅಲುಗಾಡದ ವಿಡಿಯೊ ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದುಕೊಳ್ಳುತ್ತದೆ. ಅದಕ್ಕೇ ವಿಬೆಂಚ್‌ನಂಥ ಮಾಪನಗಳು ಸ್ಥಿರತೆಯನ್ನು ಅಳೆಯುವುದರ ಜೊತೆಗೆ ಎಷ್ಟು ಚಲನೆ ಇದೆ ಎಂಬುದನ್ನೂ ಬೇರೆಯಾಗಿ ಅಳೆಯುತ್ತವೆ.

ಕೊನೆಯದಾಗಿ ಅನಿಮೇಷನ್. ಗೆರೆಚಿತ್ರದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಕೂದಲಿನ ಒಂದು ಎಳೆ ಬದಲಾದರೆ ಫೋಟೊದಂಥ ದೃಶ್ಯದಲ್ಲಿ ತಿಳಿಯುವುದಿಲ್ಲ. ಮುಖದ ಹೊರಗೆರೆ ಒಂದಿಷ್ಟು ದಪ್ಪವಾಗಿ ತೆಳುವಾದರೆ ಗೆರೆ ಕುದಿಯುತ್ತಿರುವ ಹಾಗೆ ಕಾಣುತ್ತದೆ. ಜೊತೆಗೆ ಕೈಯಿಂದ ಬರೆದ ಅನಿಮೇಷನ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್ ಇದ್ದರೂ ಎಷ್ಟೋ ಕಡೆ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದಿಡುತ್ತಾರೆ, 12 ಚಿತ್ರದಲ್ಲೇ ಕೆಲಸ ಆಗುತ್ತದೆ. ಆ ಹಿಡಿತವೇ ಅದರ ಲಯ. ಹೆಚ್ಚಾಗಿ ಕ್ಯಾಮೆರಾದ ವಿಡಿಯೊ ನೋಡಿ ಕಲಿತ ಮಾದರಿ ಅದನ್ನು ಕೊರತೆಯೆಂದು ತಿಳಿದ ಹಾಗೆ ನಡುವೆ ಹೊಸ ಫ್ರೇಮುಗಳನ್ನು ತುಂಬಿ ನುಣುಪು ಮಾಡಿಬಿಡುತ್ತದೆ. ಆಗ ಪಾತ್ರ ನೀರಿನಲ್ಲಿ ತೇಲಿದಂತೆ ಚಲಿಸುತ್ತದೆ. ಇದಕ್ಕೆ ಪರಿಹಾರವೂ ಸಣ್ಣದೇ: ಬಂದ ತುಣುಕನ್ನು 12ಕ್ಕೆ ಇಳಿಸಿ, ಪ್ರತಿ ಫ್ರೇಮನ್ನೂ ಎರಡು ಸಲ ಇಟ್ಟು 24ರಲ್ಲಿ ಓಡಿಸಿ ನೋಡಿ. ಕುದಿಯುವ ಗೆರೆ ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಈಗಲೂ ಫ್ರೇಮ್ ಫ್ರೇಮಾಗಿ ಕೈಯಿಂದ ತಿದ್ದಬೇಕು.