ಹಳೆಯ ಮ್ಯಾನೇಜರ್‌ಗೆ ಒಂದು ಪತ್ರ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಎಣಿಸಿಕೊಳ್ಳುತ್ತಿದ್ದೆ. ಮೊಬೈಲ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಸಾಲ ಬೇಕೇ ಎಂದು ಕೇಳುವವರಿರಬೇಕೆಂದು ಎರಡು ಸಲ ಕತ್ತರಿಸಿದೆ. ಮೂರನೆಯ ಸಲ ಎತ್ತಿದರೆ, ಹಿಂದೆ ನನ್ನ ಕೈಕೆಳಗಿದ್ದ ಹುಡುಗನೊಬ್ಬನ ಹೆಸರು ಹೇಳಿ, ‘ಇವರ ಕೆಲಸ ಹೇಗಿತ್ತು ಸರ್?’ ಎಂದರು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಮ್ಯಾನೇಜರ್ ಆಗಿದ್ದವನು. ಅಲ್ಲಿ ಆ ಹೆಸರಿನವರೇ ಮೂವರಿದ್ದರು. ‘ಒಳ್ಳೆಯ ಹುಡುಗ, ಒಳ್ಳೆಯ ಹುಡುಗ’ ಎಂದು ತೊದಲಿದೆ. ಎಷ್ಟು ವರ್ಷ ಇದ್ದರು ಎಂದದ್ದಕ್ಕೆ ಮೂರೋ ನಾಲ್ಕೋ ಎಂದೆ. ಅವನು ಅರ್ಜಿಯಲ್ಲಿ ಬರೆದಿದ್ದದ್ದು ಎರಡು. ಅವನಿಗೆ ಆ ಕೆಲಸ ಸಿಗಲಿಲ್ಲ. ನನ್ನ ಮಾತೇ ಕಾರಣವೆಂದು ಹೇಳಲಾರೆ, ಉಪಕಾರವನ್ನಂತೂ ನಾನು ಮಾಡಲಿಲ್ಲ. ರೆಫರೆನ್ಸ್ ಎಂದು ನನ್ನ ಹೆಸರು ಕೊಟ್ಟಿರುವುದನ್ನು ಅವನು ನನಗೆ ತಿಳಿಸಿಯೇ ಇರಲಿಲ್ಲ.

ಇದಾದ ಮೇಲೆ ರೆಫರೆನ್ಸ್ ಆಗಿ ನನ್ನ ಹೆಸರು ಕೊಡಬಹುದೇ ಎಂದು ಕೇಳಿ ಮಂಡ್ಯದ ಹೆಣ್ಣುಮಗಳೊಬ್ಬಳ ಪತ್ರ ಇಮೇಲ್‌ನಲ್ಲಿ ಬಂತು. ಇವತ್ತು ನಾನು ಹೇಳಬೇಕೆಂದಿರುವುದು ಆ ಪತ್ರದ ವಿಚಾರ.

ಪತ್ರ ಹೀಗೆ ಆರಂಭವಾಗಿತ್ತು: ‘ಸರ್, ನಮಸ್ಕಾರ. 2019ರ ಜೂನ್‌ನಿಂದ 2022ರ ಮಾರ್ಚ್‌ವರೆಗೆ ನಿಮ್ಮ ವಿಭಾಗದಲ್ಲಿ ಸ್ಟೋರ್ಸ್ ಸಹಾಯಕಿಯಾಗಿದ್ದೆ. ಬೇರಿಂಗ್ ಮತ್ತು ಫಾಸ್ಟನರ್‌ಗಳ ಲೆಕ್ಕ ನನ್ನದಾಗಿತ್ತು.’ ಬೇರಿಂಗ್ ಎಂದೊಡನೆ ಮುಖ ಕಣ್ಣ ಮುಂದೆ ಬಂತು. ಈ ತಾರೀಕು, ಹುದ್ದೆಗಳನ್ನು ಅವಳು ತನ್ನ ರಿಲೀವಿಂಗ್ ಪತ್ರದಿಂದಲೇ ಎತ್ತಿ ಬರೆದಿದ್ದಳು. ಅರ್ಜಿಯಲ್ಲಿಯೂ ಅದನ್ನೇ ಕೊಟ್ಟಿದ್ದಳು. ವಿಚಾರಿಸುವವರು ಮೊದಲು ಹೋಲಿಸಿ ನೋಡುವುದು ಇದನ್ನೇ. ನಾವು ಬಾಯಲ್ಲಿ ಸೂಪರ್‌ವೈಸರ್ ಎಂದು ಕರೆಯುತ್ತಿದ್ದವರ ಹುದ್ದೆ ಕಾಗದದಲ್ಲಿ ಸಹಾಯಕ ಎಂದೇ ಇರುತ್ತದೆ. ಅರ್ಜಿಯಲ್ಲಿ ಒಂದು, ನನ್ನ ಬಾಯಲ್ಲಿ ಇನ್ನೊಂದು ಬಂದರೆ ಅನುಮಾನ ಹುಟ್ಟುತ್ತದೆ.

ಆಮೇಲೆ ಕೇಳಿಕೆ. ‘ನಂಜನಗೂಡಿನ ಒಂದು ಕಂಪನಿಯಲ್ಲಿ ದಾಸ್ತಾನು ನಿಯಂತ್ರಣದ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮ ಹೆಸರು ಕೊಡಬಹುದೇ? ನಿಮಗೆ ಅನುಕೂಲವಿಲ್ಲದಿದ್ದರೆ, ಅಥವಾ ನನ್ನ ಕೆಲಸದ ಬಗ್ಗೆ ಹೇಳುವಷ್ಟು ನೆನಪಿಲ್ಲದಿದ್ದರೆ ಸಂಕೋಚವಿಲ್ಲದೆ ಬೇಡ ಎನ್ನಿ. ಸೋಮವಾರದೊಳಗೆ ತಿಳಿಸಿದರೆ ಬೇರೆಯವರನ್ನು ಕೇಳಿಕೊಳ್ಳುತ್ತೇನೆ.’ ಇದು ಬರಿಯ ವಿನಯವಲ್ಲ. ಹಂಗಿಗೆ ಕಟ್ಟುಬಿದ್ದು ಒಪ್ಪಿಕೊಂಡವನು ಫೋನಿನಲ್ಲಿ ಎಳೆದೆಳೆದು ಮಾತಾಡುತ್ತಾನೆ, ಆ ಕಡೆಯವರಿಗೆ ಅದು ಗೊತ್ತಾಗುತ್ತದೆ. ಅಂಥವನು ಮೊದಲೇ ಬೇಡ ಎಂದರೆ ಅರ್ಜಿದಾರರಿಗೇ ಒಳ್ಳೆಯದು.

ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಭಾಗ. ‘ಪ್ರಾಮಾಣಿಕಳು, ಶ್ರಮಜೀವಿ ಎಂದು ಹೇಳಿ’ ಎಂದು ಅವಳು ಬರೆದಿರಲಿಲ್ಲ. ನಾನು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ನೆನಪಿಸಿದ್ದಳು. ಒಂದು, ಲೆಡ್ಜರಿನಿಂದ ಕಂಪ್ಯೂಟರಿಗೆ ಹೋದಾಗ ಸರಕು ಬಂದದ್ದು ಹೋದದ್ದು ಬರೆದಿಡುವ ಬಿನ್ ಕಾರ್ಡಿನ ಲೆಕ್ಕಕ್ಕೂ ಕಪಾಟಿನಲ್ಲಿದ್ದ ಬೇರಿಂಗ್‌ಗಳಿಗೂ ತಾಳೆಯಾಗದೆ, ಅವಳು ಮೂರು ದಿನ ಒಂದೊಂದು ಪೆಟ್ಟಿಗೆ ಬಿಚ್ಚಿ ಎಣಿಸಿದ್ದು. ಎರಡನೆಯದು ಅವಳದೇ ತಪ್ಪು: ಒಂದೇ ಸರಕನ್ನು ಎರಡು ಬಾರಿ ಜಮಾ ಮಾಡಿ, ಮರುದಿನ ಬೆಳಿಗ್ಗೆ ತಾನೇ ಬಂದು ನನಗೆ ತಿಳಿಸಿದ್ದು. ಈ ಎರಡನೆಯದನ್ನು ಏಕೆ ಬರೆದಳು ಎಂದು ಮೊದಲು ಆಶ್ಚರ್ಯವಾಯಿತು. ‘ಅವರಲ್ಲಿ ಏನು ಕೊರತೆ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಗ ಹೇಳಲು ನಿಜವಾದ, ಆದರೆ ಕೆಲಸ ಕೆಡಿಸದ ಒಂದು ಮಾತು ನನ್ನ ಬಳಿ ಇತ್ತು. ಕೆಲವರು ಪ್ರಶಂಸೆಯನ್ನು ತಾವೇ ಬರೆದು ಕಳುಹಿಸಿ ಇದನ್ನೇ ಓದಿ ಎನ್ನುತ್ತಾರೆ. ನನಗೆ ಅದು ಸಿಟ್ಟು ತರಿಸುತ್ತದೆ.

ಬಿಟ್ಟ ಕಾರಣವನ್ನೂ ಒಂದು ಸಾಲಿನಲ್ಲಿ ಹೇಳಿದ್ದಳು: ತಂದೆಯ ಅನಾರೋಗ್ಯ, ಮಂಡ್ಯದಲ್ಲೇ ಇರಬೇಕಾಗಿ ಬಂದದ್ದು. ಸಂದರ್ಶನದಲ್ಲಿ ಅವಳು ಹೇಳುವುದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಬರಬಾರದಲ್ಲ. ಈಗಿರುವ ಕಚೇರಿಗೆ ವಿಷಯ ಗೊತ್ತಿಲ್ಲ, ದಯವಿಟ್ಟು ಯಾರಲ್ಲೂ ಪ್ರಸ್ತಾಪಿಸಬೇಡಿ ಎಂದೂ ಇತ್ತು. ಬಯೋಡೇಟಾ, ಕೆಲಸದ ಜಾಹೀರಾತು ಜೊತೆಗಿದ್ದವು, ಅಷ್ಟೇ.

ನಾನು ಒಪ್ಪಿದ ಮೇಲೆ ಎರಡನೆಯ ಸಂದೇಶ ಬಂತು: ಯಾರು ಕರೆಯುತ್ತಾರೆ, ಯಾವ ನಂಬರಿನಿಂದ, ಯಾವ ವಾರ. ವಿಚಾರಣೆಯನ್ನು ಬೇರೆ ಸಂಸ್ಥೆಗೆ ವಹಿಸಿದ್ದಾರೆ, ಅವರ ಇಮೇಲ್ ಸ್ಪ್ಯಾಮ್‌ಗೆ ಹೋಗಬಹುದು, ಅಲ್ಲಿಯೂ ನೋಡಿ ಎಂದಿದ್ದಳು. ನಾನು ನಿವೃತ್ತನಾದ್ದರಿಂದ ಬಾಯಿಗೆ ತಡೆಯಿರಲಿಲ್ಲ. ಕೆಲಸದಲ್ಲಿರುವ ಮ್ಯಾನೇಜರ್‌ಗಳಿಗೆ ಕೆಲವು ಕಂಪನಿಗಳು ಮಾತಾಡಲು ಬಿಡುವುದಿಲ್ಲ. ಅಲ್ಲಿ ಎಚ್‌ಆರ್ ವಿಭಾಗ ತಾರೀಕು, ಹುದ್ದೆ ಮಾತ್ರ ದೃಢಪಡಿಸುತ್ತದೆ. ನಿಮ್ಮಲ್ಲಿ ಹೇಗೆ ಎಂದು ಆ ಮ್ಯಾನೇಜರನ್ನೇ ಕೇಳಿಬಿಡುವುದು ಸರಿ.

ಗುರುವಾರ ಸಂಜೆ ಕರೆ ಬಂತು. ಅವಳ ಪತ್ರದ ಮುದ್ರಿತ ಪ್ರತಿ ಕೈಯಲ್ಲಿತ್ತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೊನೆಗೆ ಅವರು ಕೇಳಿದ್ದು ಆ ಹಾಳೆಯಲ್ಲಿ ಇಲ್ಲದ ಪ್ರಶ್ನೆ: ‘ಅವಕಾಶವಿದ್ದರೆ ಇವರನ್ನು ಮತ್ತೆ ಸೇರಿಸಿಕೊಳ್ಳುತ್ತಿದ್ದಿರಾ?’ ಹಾಳೆಯನ್ನು ಮೇಜಿನ ಮೇಲಿಟ್ಟು, ‘ನಾಳೆಯೇ’ ಎಂದೆ.

ನಮಸ್ಕಾರ.