ಬೆನ್ನುಹುರಿಯಿಂದ ಕಾಲ್ಬೆರಳಿಗೆ

ಕೇಳುಗರಿಗೆ ನಮಸ್ಕಾರ.

ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಒಂದೇ ಒಂದು ನರಕೋಶದ ಬಾಲ ಸುಮಾರು 1 ಮೀಟರ್ ಉದ್ದ ಇರುತ್ತದೆ. ಅದಕ್ಕೆ ಬೇಕಾದ ಪ್ರೋಟೀನುಗಳು ಹೆಚ್ಚಾಗಿ ತಯಾರಾಗುವುದು ಮೇಲೆ, ಬೆನ್ನುಹುರಿಯ ಹತ್ತಿರ. ಬೇಕಾಗುವುದು ಕೆಳಗೆ, ಬೆರಳ ತುದಿಯಲ್ಲಿ. ತಾನಾಗಿಯೇ ತೇಲಿಕೊಂಡು ಹೋಗಲಿ ಅಂತ ಬಿಟ್ಟರೆ ನೂರಾರು ವರ್ಷ ಬೇಕು!

ಅದಕ್ಕೇ ಒಳಗೆ ಮೈಕ್ರೊಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಗಳ ದಾರಿ ಇದೆ. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ತುಣುಕುಗಳು ಒಂದರ ಮೇಲೊಂದು ಕೂತು ಎಳೆಯಾಗುತ್ತವೆ. ಸಾಮಾನ್ಯವಾಗಿ ಅಂಥ 13 ಎಳೆ ಸೇರಿದರೆ ಒಂದು ಕೊಳವೆ. ಎಲ್ಲ ತುಣುಕುಗಳೂ ಒಂದೇ ಕಡೆ ಮುಖ ಮಾಡಿರುವುದರಿಂದ ಅದರ ಎರಡು ತುದಿ ಒಂದೇ ಥರ ಇರುವುದಿಲ್ಲ. ಬೇಗ ಬೆಳೆಯುವುದು ಪ್ಲಸ್ ತುದಿ, ಇನ್ನೊಂದು ಮೈನಸ್.

ಹೊಸದಾಗಿ ಬಂದು ಕೂರುವ ತುಣುಕು ಜಿಟಿಪಿ ಎಂಬ ಅಣುವನ್ನು ಹೊತ್ತು ತರುತ್ತದೆ. ಕೂತ ಸ್ವಲ್ಪ ಹೊತ್ತಿಗೆ ಅದು ಒಡೆದು ಜಿಡಿಪಿ ಆಗುತ್ತದೆ. ಜಿಡಿಪಿ ಇರುವ ತುಣುಕು ಹೊರಕ್ಕೆ ಬಾಗಲು ನೋಡುತ್ತದೆ. ಆದರೆ ಕೊಳವೆ ಬೇಗ ಬೆಳೆಯುತ್ತಿದ್ದರೆ ತುದಿಯಲ್ಲಿ ಯಾವಾಗಲೂ ಹೊಸ ಜಿಟಿಪಿ ತುಣುಕುಗಳ ಟೋಪಿ ಇರುತ್ತದೆ. ಅದು ಕೆಳಗಿನ ಎಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಬೆಳವಣಿಗೆ ನಿಧಾನವಾಯಿತೋ, ಟೋಪಿ ಕಳಚುತ್ತದೆ. ಎಳೆಗಳು ಬಾಳೆಹಣ್ಣಿನ ಸಿಪ್ಪೆಯಂತೆ ಹೊರಕ್ಕೆ ಸುರುಳಿಯಾಗಿ ಕೊಳವೆ ಸರಸರ ಕುಗ್ಗುತ್ತದೆ. ಕೆಲವೊಮ್ಮೆ ಕುಗ್ಗುವುದು ನಿಂತು ಮತ್ತೆ ಬೆಳೆಯಲೂ ಶುರುವಾಗುತ್ತದೆ. 1984ರಲ್ಲಿ ಮಿಚಿಸನ್ ಮತ್ತು ಕಿರ್ಶ್ನರ್ ಎಂಬ ವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಒಂದೇ ದ್ರವದಲ್ಲಿ, ಒಂದೇ ಹೊತ್ತಿಗೆ, ಕೆಲವು ಕೊಳವೆ ಬೆಳೆಯುತ್ತವೆ, ಕೆಲವು ಕುಗ್ಗುತ್ತವೆ. ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ ಇದು.

ಹಾಗಾದರೆ ನರದೊಳಗಿನ ದಾರಿಯೇ ಕುಸಿಯುವುದಿಲ್ವಾ? ಇಲ್ಲ. ಅಲ್ಲಿ ಒಂದರ ಪಕ್ಕ ಒಂದು ಅನೇಕ ಕೊಳವೆಗಳಿವೆ, ಬೇರೆ ಪ್ರೋಟೀನುಗಳು ಅವನ್ನು ಭದ್ರವಾಗಿ ಹಿಡಿದಿವೆ. ಆಟವೆಲ್ಲ ಹೆಚ್ಚಾಗಿ ತುದಿಗಳಲ್ಲಿ. ಪ್ಲಸ್ ತುದಿಗಳೆಲ್ಲ ಪಾದದ ಕಡೆಗೇ ತಿರುಗಿವೆ.

ಯಾವ ಕಡೆ ಹೋಗಬೇಕು ಅಂತ ತಿಳಿಯಲು ಈ ಒಂದು ವ್ಯವಸ್ಥೆಯೇ ಸಾಕು. ಸಾಮಾನು ಕೆಳಗೆ ಒಯ್ಯುವ ಕೈನೆಸಿನ್ ಎಂಬ ಪ್ರೋಟೀನು ಪ್ಲಸ್ ಕಡೆಗೆ ನಡೆಯುತ್ತದೆ. ಅದಕ್ಕೆ ಎರಡು ಕಾಲು. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾದರೆ ಒಂದು ಹೆಜ್ಜೆ, ಅಂದರೆ 8 ನ್ಯಾನೊಮೀಟರ್, ಸರಿಯಾಗಿ ಒಂದು ತುಣುಕಿನ ಉದ್ದ. ಪಾದ ಮುಟ್ಟಲು ಹನ್ನೆರಡೂವರೆ ಕೋಟಿ ಹೆಜ್ಜೆ! ಒಂದೇ ಕೈನೆಸಿನ್ ಅಷ್ಟು ದೂರ ನಡೆಯುವುದಿಲ್ಲ. ಸುಮಾರು ನೂರು ಹೆಜ್ಜೆಗೆ ಅದರ ಹಿಡಿತ ತಪ್ಪುತ್ತದೆ, ಬೇರೆಯವು ಮುಂದುವರಿಸುತ್ತವೆ. ವೇಗದ ಸಾಗಣೆ ದಿನಕ್ಕೆ 400 ಮಿಲಿಮೀಟರ್‌ವರೆಗೆ ಹೋಗುತ್ತದೆ. ಎರಡೂವರೆ ದಿನದ ಪ್ರಯಾಣ.

ಡೈನೀನ್ ಎಂಬ ಇನ್ನೊಂದು ಪ್ರೋಟೀನು ಮೈನಸ್ ಕಡೆಗೆ, ಅಂದರೆ ಮೇಲಕ್ಕೆ ನಡೆಯುತ್ತದೆ. ಸವೆದ ಭಾಗಗಳನ್ನೂ ತುದಿಯ ಸುದ್ದಿಯನ್ನೂ ತರುವುದು ಅದೇ. ನಾಯಿ ಕಚ್ಚಿದಾಗ ರೇಬೀಸ್ ವೈರಸ್ ಮೆದುಳಿನತ್ತ ಏರುವುದೂ ಈ ಹಿಂದಿರುಗುವ ಸಾಗಣೆಯಲ್ಲೇ.

ನಿತ್ಯಪುಷ್ಪದ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧಿ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ಕೊಳವೆ ಕಟ್ಟುವುದನ್ನು ತಡೆಯುತ್ತದೆ. ಕೋಶ ಇಬ್ಭಾಗವಾಗಲೂ ಈ ಕೊಳವೆಗಳೇ ಬೇಕು, ಕ್ಯಾನ್ಸರ್ ಕೋಶ ಇಬ್ಭಾಗವಾಗುವುದು ಅದರಿಂದಲೇ ನಿಲ್ಲುತ್ತದೆ. ಆದರೆ ನರದ ದಾರಿಗೂ ಏಟು ಬೀಳುತ್ತದೆ. ಉದ್ದದ ನರಗಳಿಗೇ ತೊಂದರೆ ಜಾಸ್ತಿ. ಹಾಗಾಗಿ ಜೋಮು, ಚುಚ್ಚಿದ ಹಾಗಾಗುವುದು ಸಾಮಾನ್ಯವಾಗಿ ಕೈಕಾಲುಗಳ ಬೆರಳಲ್ಲೇ ಶುರು. ಈ ಔಷಧಿ ತೆಗೆದುಕೊಳ್ಳುವವರು ಅಂಥದ್ದು ಕಂಡ ಕೂಡಲೇ ವೈದ್ಯರಿಗೆ ಹೇಳಬೇಕು. ಪ್ರಮಾಣ ಕಡಿಮೆ ಮಾಡುವುದೋ, ಸ್ವಲ್ಪ ದಿನ ನಿಲ್ಲಿಸುವುದೋ ಅವರು ತೀರ್ಮಾನಿಸುತ್ತಾರೆ.