ಮನೆ ಮುಂದೆ ಮದುವೆ: ಖರ್ಚು ಅರ್ಧ-ಅರ್ಧ ಬೇಡ, ಎಲೆ ಲೆಕ್ಕ ಹಾಕಿ

[ತೆರೆಯ ಮೇಲೆ: ಮನೆ ಮುಂದಿನ ಚಪ್ಪರ, ಪಕ್ಕದಲ್ಲಿ ಬಾಳೆ ಎಲೆಯ ಕಟ್ಟು]

ನಮಸ್ಕಾರ. ನಿಮ್ಮಲ್ಲಿ ತುಂಬ ಜನ ಕೇಳಿರೋ ಪ್ರಶ್ನೆ ಇದು. ಮದುವೆ ಹುಡುಗಿ ಮನೆಯಲ್ಲೇ. ಎರಡೂ ಕಡೆ ಸೇರಿ ನೂರೈವತ್ತು ಜನ. ಖರ್ಚು ಇಬ್ಬರೂ ಹಂಚಿಕೊಳ್ಳೋಣ ಅಂತ ಬೀಗರೇ ಹೇಳಿದ್ದಾರೆ. ಆದರೆ ಹೇಗೆ ಹಂಚೋದು ಅಂತ ಯಾರೂ ಬಾಯಿ ಬಿಡ್ತಿಲ್ಲ.

ಸುಲಭದ ಉತ್ತರ ಅರ್ಧ-ಅರ್ಧ. ಎರಡೂ ಕಡೆಯ ನೆಂಟರು ಒಂದೇ ಸಂಖ್ಯೆಯಲ್ಲಿದ್ದು, ಮದುವೆ ದಿನದವರೆಗೂ ಹಾಗೇ ಉಳಿದರೆ ಅದು ಸರಿಯಾದ ಉತ್ತರವೇ. ಆದರೆ ಹಾಗೆ ಉಳಿಯೋದು ಅಪರೂಪ. ಒಂದು ಕಡೆಯವರು ಕೊನೇ ವಾರದಲ್ಲಿ ನಲವತ್ತು ಜನರನ್ನ ಸೇರಿಸ್ತಾರೆ, ಅವರ ಊಟದ ಅರ್ಧ ದುಡ್ಡು ಇನ್ನೊಂದು ಕಡೆಯವರ ತಲೆ ಮೇಲೆ ಬರುತ್ತೆ. ಮುಖ ನೋಡಿಕೊಂಡು ಸುಮ್ಮನಿರ್ತಾರೆ, ಆಮೇಲೆ ವರ್ಷಗಟ್ಟಲೆ ಆಡಿಕೊಳ್ತಾರೆ.

ಅದಕ್ಕೆ ಮೊದಲು ಖರ್ಚನ್ನ ಮೂರು ಗುಂಪು ಮಾಡಿ. ಬೇಗ ಹೇಳಿಬಿಡ್ತೀನಿ. ಒಂದು, ಅವರವರದು: ಬಟ್ಟೆ, ಒಡವೆ, ಲಗ್ನಪತ್ರಿಕೆ, ದಿಬ್ಬಣದ ಬಸ್ಸು. ಎರಡು, ಇಬ್ಬರಿಗೂ ಸೇರಿದ್ದು: ಚಪ್ಪರ, ಪುರೋಹಿತರು, ವಾಲಗ, ಹೂವು, ಫೋಟೋ. ಮೂರು, ಜನ ಹೆಚ್ಚಾದ ಹಾಗೆ ಹೆಚ್ಚಾಗೋದು, ಅಂದರೆ ಅಡುಗೆ ಮನೆ ಖರ್ಚು.

ಎರಡನೇದು ಮತ್ತು ಮೂರನೇದರ ವ್ಯತ್ಯಾಸ ಆಟೋ ಮೀಟರ್ ಥರ. ಹತ್ತಿ ಕೂತ ಕೂಡಲೇ ಒಂದು ಕನಿಷ್ಠ ದರ ಬಿದ್ದುಹೋಗುತ್ತೆ, ಎಷ್ಟೇ ಹತ್ತಿರ ಇಳಿದರೂ ಅದು ಕೊಡಲೇಬೇಕು. ಆಮೇಲಿನದು ಓಡಿದಷ್ಟು. ನೂರು ಜನ ಬಂದರೂ ನೂರೈವತ್ತು ಜನ ಬಂದರೂ ಪುರೋಹಿತರ ದಕ್ಷಿಣೆ ಅಷ್ಟೇ, ವಾಲಗದವರ ಸಂಭಾವನೆ ಅಷ್ಟೇ. ಚಿಕ್ಕ ಮದುವೆಗಳಲ್ಲಿ ಬಜೆಟ್ ಹೆಚ್ಚಾಗಿ ತಪ್ಪೋದು ಇಲ್ಲೇ. ಜನ ಅರ್ಧ ಮಾಡಿದರೆ ಖರ್ಚೂ ಅರ್ಧ ಆಗುತ್ತೆ ಅಂದುಕೊಳ್ತಾರೆ. ಆಗಲ್ಲ. ಕನಿಷ್ಠ ದರ ಹಾಗೇ ಕೂತಿರುತ್ತೆ.

[ತೆರೆಯ ಮೇಲೆ: "150 ಜನ ಅಂದ್ರೆ 150 ಎಲೆ ಅಲ್ಲ"]

ಈಗ ಈ ವಿಡಿಯೋದ ಮುಖ್ಯ ವಿಷಯ. ನಾವು ಜನ ಎಣಿಸ್ತೀವಿ, ಅಡುಗೆ ಭಟ್ಟರು ಎಲೆ ಎಣಿಸ್ತಾರೆ. ಎರಡೂ ಒಂದೇ ಅಲ್ಲ. ಹಿಂದಿನ ರಾತ್ರಿ ಊಟ ಇದೆ, ಬೆಳಗ್ಗೆ ತಿಂಡಿ ಇದೆ, ಆಮೇಲೆ ಮುಹೂರ್ತದ ಊಟ. ಇದರ ಜೊತೆ ಪುರೋಹಿತರು, ವಾಲಗದವರು, ಫೋಟೋದವರು, ಶಾಮಿಯಾನದ ಹುಡುಗರು, ಅಡುಗೆಯವರು, ಬಡಿಸುವವರು. ಇವರ ಎಲೆ ಯಾರ ಪಟ್ಟಿಯಲ್ಲೂ ಇರಲ್ಲ, ಆದರೆ ಊಟ ಮಾಡೇ ಮಾಡ್ತಾರೆ, ಮಾಡಲೇಬೇಕು.

ಹಾಸನದ ಕಡೆ ಒಂದು ಮನೆ ಮದುವೆ ಅಂತ ಇಟ್ಟುಕೊಂಡು ಪೂರ್ತಿ ಲೆಕ್ಕ ಹಾಕೋಣ. ಇಲ್ಲಿ ಹಾಕೋ ದುಡ್ಡು ಲೆಕ್ಕ ಅರ್ಥ ಆಗಲಿ ಅಂತ ಮಾತ್ರ, ನಿಮ್ಮ ಊರಿನ ದರ ನೀವು ಹಾಕ್ಕೊಳ್ಳಿ.

ಮುಹೂರ್ತದ ಊಟಕ್ಕೆ ಹುಡುಗಿ ಕಡೆ 90, ಹುಡುಗನ ಕಡೆ 60. ಹಿಂದಿನ ರಾತ್ರಿ ವರಪೂಜೆ, ಅದಕ್ಕೆ ಹುಡುಗಿ ಕಡೆ 40, ಹುಡುಗನ ಕಡೆ 30. ಬೆಳಗಿನ ತಿಂಡಿಗೆ 60 ಮತ್ತು 45. ಕೆಲಸದವರು ರಾತ್ರಿ 12, ತಿಂಡಿಗೆ 18, ಮಧ್ಯಾಹ್ನ 18.

ತಿಂಡಿಯ ಎಲೆ ಮತ್ತು ಹೋಳಿಗೆ ಊಟದ ಎಲೆ ಒಂದೇ ಬೆಲೆಯದ್ದಲ್ಲ. ಹಾಗಾಗಿ ಮುಹೂರ್ತದ ಊಟವನ್ನ ಒಂದು ಪೂರ್ತಿ ಎಲೆ ಅನ್ನಿ. ಅನ್ನ, ಸಾರು, ಪಲ್ಯ, ಒಂದು ಸಿಹಿ ಇರೋ ರಾತ್ರಿ ಊಟವನ್ನ ಅರ್ಧ ಎಲೆ ಅನ್ನಿ. ಇಡ್ಲಿ, ಕೇಸರಿಬಾತು, ಕಾಫಿಯ ತಿಂಡಿಯನ್ನ ಮೂರನೇ ಒಂದು ಎಲೆ ಅನ್ನಿ. ರಾತ್ರಿ ಊಟವೂ ಭಾರಿ ಇದ್ದರೆ ಮುಕ್ಕಾಲು ಅನ್ನಿ, ಭಟ್ಟರನ್ನೇ ಕೇಳಿದರೆ ಹೇಳ್ತಾರೆ.

[ತೆರೆಯ ಮೇಲೆ:
ಹುಡುಗಿ ಕಡೆ: 90 + 20 + 20 = 130 ಎಲೆ
ಹುಡುಗನ ಕಡೆ: 60 + 15 + 15 = 90 ಎಲೆ
ಕೆಲಸದವರು: 18 + 6 + 6 = 30 ಎಲೆ
ಒಟ್ಟು: 250 ಎಲೆ]

ನೂರೈವತ್ತು ಅಂತ ಶುರು ಮಾಡಿದ್ದು, ಇನ್ನೂರೈವತ್ತು ಪೂರ್ತಿ ಎಲೆಗೆ ಬಂದು ನಿಂತಿತು. ಬಜೆಟ್ ಹಾಕಬೇಕಾದದ್ದು ಈ ಸಂಖ್ಯೆಗೆ.

ದಿನಸಿ, ತರಕಾರಿ, ಹಾಲು-ಮೊಸರು, ಎಲೆ, ಗ್ಯಾಸ್, ಕುಡಿಯುವ ನೀರು, ಭಟ್ಟರ ಮತ್ತು ಬಡಿಸುವವರ ಕೂಲಿ ಎಲ್ಲ ಸೇರಿ 75,000 ರೂಪಾಯಿ ಆಯ್ತು ಅನ್ನೋಣ. ಎಲೆಗೆ 300. ಹುಡುಗಿ ಕಡೆಯ 130 ಎಲೆಗೆ 39,000. ಹುಡುಗನ ಕಡೆಯ 90 ಎಲೆಗೆ 27,000. ಕೆಲಸದವರ 30 ಎಲೆಯ 9,000 ಇಬ್ಬರಿಗೂ ಸೇರಿದ ಖರ್ಚಿಗೆ ಹೋಗುತ್ತೆ.

ಆ ಇಬ್ಬರ ಖರ್ಚು: ಚಪ್ಪರ, ಶಾಮಿಯಾನ, ಕುರ್ಚಿ, ಮೇಜು, ಪಾತ್ರೆ ಬಾಡಿಗೆ 38,000. ಪುರೋಹಿತರು ಮತ್ತು ಪೂಜೆ ಸಾಮಾನು 15,000. ವಾಲಗ 14,000. ಹೂವಿನ ಮಂಟಪ 16,000. ಫೋಟೋ 25,000. ನೀರಿನ ಟ್ಯಾಂಕರ್, ಜನರೇಟರ್, ಕಸ ತೆಗೆಸೋದು 8,000. ಒಟ್ಟು 1,16,000. ಕೆಲಸದವರ ಊಟ ಸೇರಿದರೆ 1,25,000. ಇದು ಸರಿಯಾಗಿ ಅರ್ಧ-ಅರ್ಧ, ತಲಾ 62,500.

[ತೆರೆಯ ಮೇಲೆ:
ಹುಡುಗಿ ಕಡೆ: 39,000 + 62,500 = 1,01,500
ಹುಡುಗನ ಕಡೆ: 27,000 + 62,500 = 89,500]

ಎಲ್ಲವನ್ನೂ ಅರ್ಧ ಮಾಡಿದ್ದರೆ ತಲಾ 95,500 ಆಗ್ತಿತ್ತು. ವ್ಯತ್ಯಾಸ ಆರು ಸಾವಿರ. ಇಷ್ಟಕ್ಕೆ ಇಷ್ಟೆಲ್ಲ ಲೆಕ್ಕ ಬೇಕಾ ಅಂತ ಕೇಳಬಹುದು. ಬೇಕು. ಯಾಕಂದ್ರೆ ಈ ಲೆಕ್ಕ ಮೊದಲೇ ಒಪ್ಪಿಕೊಂಡಿದ್ದರೆ ಕೊನೇ ವಾರದ ನಲವತ್ತು ಜನರಿಂದ ಜಗಳ ಆಗಲ್ಲ. ಮುಹೂರ್ತದ ಊಟಕ್ಕೆ 40 ಎಲೆ ಸೇರಿತು, ಹತ್ತಿರ ಹತ್ತಿರ 12,000 ರೂಪಾಯಿ, ಕರೆದವರದ್ದು. ಖುಷಿಯಾಗಿ ಕರೀಲಿ, ಯಾರೂ ಯಾರಿಗೂ ಬೇಡ ಅನ್ನಬೇಕಾಗಿಲ್ಲ.

ಇಲ್ಲಿ ಒಂದು ತೊಡಕಿದೆ. ಮದುವೆ ದಿನ ಎಲೆ ಮುಂದೆ ಕೂತವರನ್ನ "ನೀವು ಯಾರ ಕಡೆ" ಅಂತ ಕೇಳೋಕಾಗುತ್ತಾ? ಕೇಳಲೇಬಾರದು. ಪಾಲು ಪಟ್ಟಿಯಿಂದ ಬರಲಿ, ಮೊತ್ತ ಬಿಲ್ಲಿನಿಂದ ಬರಲಿ. ಮದುವೆಗೆ ಐದು ದಿನ ಮುಂಚೆ ಎರಡೂ ಪಟ್ಟಿ ಮುಗಿಸಿ, ಏಕೆಂದರೆ ಆಮೇಲೆ ದಿನಸಿ ತಂದಾಗಿರುತ್ತೆ. ಆ ದಿನದ ಸಂಖ್ಯೆ ಮೇಲೆ ಪಾಲು ನಿಂತುಬಿಡುತ್ತೆ. ಆಮೇಲೆ ಸೇರಿದವರನ್ನ ಮಾತ್ರ ಕರೆದವರ ಹೆಸರಿಗೆ ಬರೆದುಕೊಳ್ಳಿ. ಪಟ್ಟಿಯಲ್ಲಿದ್ದವರು ಬರದೇ ಹೋದರೂ ಅವರಿಗೆ ಅಂತ ಬೇಯಿಸಿದ ಅನ್ನ ಬೆಂದಾಗಿದೆ. ಇಬ್ಬರಿಗೂ ಬೇಕಾದವರು, ಅಕ್ಕಪಕ್ಕದ ಮನೆಯವರು, ಮಧ್ಯಸ್ಥಿಕೆ ಮಾಡಿದವರು, ಇವರನ್ನ ಕೆಲಸದವರ ಜೊತೆ ಇಬ್ಬರ ಪಾಲಿಗೆ ಹಾಕಿ.

ದಿನಸಿ ನೀವೇ ತಂದು ಭಟ್ಟರಿಗೆ ಕೂಲಿ ಕೊಡೋದಾದರೆ ಇಷ್ಟು ಸಾಕು. ಎಲೆಗೆ ಇಷ್ಟು ಅಂತ ಗುತ್ತಿಗೆ ಕೊಟ್ಟಿದ್ದರೆ ಎಲೆ ಎಣಿಸಲೇಬೇಕು. ಎಣಿಸೋದು ಹೀಗೆ: ಊಟಕ್ಕೆ ಮುಂಚೆ ಇರೋ ಎಲೆ ಎಷ್ಟು ಅಂತ ಎರಡೂ ಕಡೆಯ ಒಬ್ಬೊಬ್ಬರು ಭಟ್ಟರ ಎದುರಿಗೇ ಎಣಿಸಿ ಬರೆದಿಡಿ. ಹರಿದ ಎಲೆಗೆ ಬೇರೆ ಬುಟ್ಟಿ ಇಡಿ. ಕೊನೇ ಪಂಕ್ತಿ ಎದ್ದ ಮೇಲೆ ಉಳಿದದ್ದು, ಹರಿದದ್ದು ಎರಡನ್ನೂ ಕಳೆಯಿರಿ. ತಪ್ಪು ಎಲ್ಲಾಗುತ್ತೆ ಅಂದ್ರೆ, ಹರಿದ ಎಲೆ ಎಂಜಲು ಎಲೆ ಜೊತೆ ಸೇರಿಹೋಗಿ ಅದಕ್ಕೂ ದುಡ್ಡು ಕೊಡ್ತೀರಿ. ಇನ್ನೊಂದು, ಗುತ್ತಿಗೆಯಲ್ಲಿ ಕನಿಷ್ಠ ಎಲೆ ಅಂತ ಒಂದು ಮಾತು ಇರುತ್ತೆ. ನೂರೈವತ್ತು ಅಂತ ಹೇಳಿ ನೂರಿಪ್ಪತ್ತು ಜನ ಬಂದರೂ ನೂರೈವತ್ತರ ದುಡ್ಡು ಕೊಡಬೇಕಾಗುತ್ತೆ. ಆ ಸಂಖ್ಯೆಯನ್ನ ಸ್ವಲ್ಪ ಕಡಿಮೆಗೇ ಒಪ್ಪಿಸಿಕೊಳ್ಳಿ.

ಭಟ್ಟರು ಕೊಡೋ ಸಾಮಾನು ಪಟ್ಟಿ ಸರಿ ಇದೆಯಾ ನೋಡೋಕೆ ಎರಡು ಮೂರು ಅಳತೆ ಸಾಕು. ಪಲ್ಯ, ಕೋಸಂಬರಿ, ಸಿಹಿ ಎಲ್ಲ ಇರೋ ಊಟದಲ್ಲಿ ನೂರು ಎಲೆಗೆ ಹತ್ತರಿಂದ ಹನ್ನೆರಡು ಕೆ.ಜಿ. ಅಕ್ಕಿ, ಸಾರು-ಹುಳಿಗೆ ಸೇರಿ ಮೂರರಿಂದ ನಾಲ್ಕು ಕೆ.ಜಿ. ತೊಗರಿಬೇಳೆ, ಎಂಟರಿಂದ ಹತ್ತು ಲೀಟರ್ ಮೊಸರು. ಪಟ್ಟಿಯಲ್ಲಿ ನೂರು ಎಲೆಗೆ ಇಪ್ಪತ್ತು ಕೆ.ಜಿ. ಅಕ್ಕಿ ಕಂಡರೆ ಯಾಕೆ ಅಂತ ವಿನಯವಾಗಿ ಕೇಳಿ.

[ತೆರೆಯ ಮೇಲೆ: ಚಪ್ಪರದ ಕೆಳಗೆ ಮೇಜಿನ ಸಾಲು]

ಮನೆ ಮದುವೆಯಲ್ಲಿ ಛತ್ರದ ಬಾಡಿಗೆ ಉಳಿಯುತ್ತೆ ನಿಜ. ಆದರೆ ಛತ್ರದಲ್ಲಿ ಒಟ್ಟಿಗೆ ಸಿಗ್ತಿದ್ದದ್ದನ್ನ ಇಲ್ಲಿ ಬಿಡಿಬಿಡಿಯಾಗಿ ತರಬೇಕು. ಊಟದ ಜಾಗ ಮೊದಲು ಅಳೆಯಿರಿ. ಒಂದು ಪಂಕ್ತಿ ಕೂತು, ಉಂಡು, ಎದ್ದು, ಮೇಜು ಒರೆಸೋಕೆ ಮುಕ್ಕಾಲು ಗಂಟೆ ಬೇಕು. ಮುಹೂರ್ತದ ಊಟದ 168 ಎಲೆಯನ್ನ 60 ಜನರ ಪಂಕ್ತಿಯಲ್ಲಿ ಕೂರಿಸಿದರೆ ಮೂರು ಪಂಕ್ತಿ, ಎರಡೂಕಾಲು ಗಂಟೆ. 40 ಜನರ ಜಾಗ ಮಾತ್ರ ಇದ್ದರೆ ಐದು ಪಂಕ್ತಿ, ಮೂರೂಮುಕ್ಕಾಲು ಗಂಟೆ. ಆಗ ಕೊನೇ ಪಂಕ್ತಿಯಲ್ಲಿ ಕೂರೋರು ಮನೆಯವರೇ, ಹಸಿದುಕೊಂಡು. ಇನ್ನೊಂದು ಸಾಲು ಮೇಜಿಗೆ ಕೊಡೋ ಬಾಡಿಗೆ ಇಲ್ಲಿ ದಂಡ ಅಲ್ಲ.

ಹುಡುಗಿ ಮನೆಗೆ ಸುಣ್ಣ-ಬಣ್ಣ ಮಾಡಿಸಿದ್ದು ಯಾವ ಲೆಕ್ಕಕ್ಕೆ? ಮದುವೆ ಮುಗಿದ ಮೇಲೂ ಆ ಮನೆಯಲ್ಲೇ ಉಳಿಯೋದು ಆ ಮನೆಯ ಖರ್ಚು, ಬಿಚ್ಚಿಕೊಂಡು ಹೋಗೋದು ಇಬ್ಬರ ಖರ್ಚು. ಬಣ್ಣ ಅವರದು, ಚಪ್ಪರ ಇಬ್ಬರದು. ಆರತಕ್ಷತೆ, ಬೀಗರ ಊಟ ಪೂರ್ತಿ ಬೇರೆ ಲೆಕ್ಕ, ಮಾಡುವವರದ್ದು.

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ ಹೇಳ್ತೀನಿ. ತಾಂಬೂಲದ ಚೀಲ ತಲೆಗೆ ಒಂದಲ್ಲ, ಸಂಸಾರಕ್ಕೆ ಒಂದು. ಪಟ್ಟಿಯಲ್ಲಿ ಮನೆಗಳನ್ನ ಎಣಿಸಿ ತೆಂಗಿನಕಾಯಿ ತನ್ನಿ. ಮುಯ್ಯಿ ದುಡ್ಡನ್ನ ಖರ್ಚಿಗೆ ಲೆಕ್ಕ ಹಿಡೀಬೇಡಿ, ಅದನ್ನ ಮುಂದೆ ಅವರ ಮನೆ ಮದುವೆಗೆ ವಾಪಸ್ ಮಾಡಬೇಕು. ಯಾರ ನೆಂಟರು ಕೊಟ್ಟರೋ ಆ ಮನೆಯ ಪುಸ್ತಕದಲ್ಲಿ ಬರೆಯಿರಿ. ಒಟ್ಟು ಮೊತ್ತದ ಹತ್ತನೇ ಒಂದು ಪಾಲು ಬೇರೆ ಎತ್ತಿಡಿ, ಮಳೆ ಬಂದರೆ ತಗಡಿನ ಚಪ್ಪರಕ್ಕೆ ಅದೇ ಹೋಗುತ್ತೆ.

ಒಂದು ಮಾತು ಮಾತ್ರ ನಿಧಾನವಾಗಿ. "ಮದುವೆ ಖರ್ಚಿಗೆ" ಅಂತ ಒಂದು ಮನೆಯವರು ಇನ್ನೊಂದು ಮನೆಯವರ ಕೈಗೆ ದೊಡ್ಡ ಮೊತ್ತ ಕೊಡೋದು ಬೇಡ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇರೋ ದೇಶದಲ್ಲಿ ಅದು ಏನು ಅಂತ ಆಮೇಲೆ ವಿವರಿಸೋದು ಕಷ್ಟ, ಕೇಳಿ ಪಡೆದಿದ್ದರಂತೂ ಅದು ತಪ್ಪೇ. ಚಪ್ಪರದವರಿಗೆ, ಭಟ್ಟರಿಗೆ, ಫೋಟೋದವರಿಗೆ ಅವರವರ ಪಾಲನ್ನ ನೇರವಾಗಿ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಹುಡುಗ-ಹುಡುಗಿಗೆ ಬಂದ ಉಡುಗೊರೆಗೆ 1985ರ ನಿಯಮದ ಪ್ರಕಾರ ಪಟ್ಟಿ ಮಾಡಬೇಕು: ವಸ್ತು ಏನು, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟಸ್ತಿಕೆ, ಕೆಳಗೆ ಇಬ್ಬರ ಸಹಿ.

ಕೊನೇ ಲೆಕ್ಕ ಮದುವೆ ದಿನವೇ ಕೂತು ಮಾಡಬೇಡಿ. ಪಾತ್ರೆ, ಸೌಟು, ಕುರ್ಚಿ ಎಣಿಸಿ ವಾಪಸ್ ಕೊಟ್ಟು, ಕಳೆದುಹೋದದ್ದಕ್ಕೆ ಎಷ್ಟು ಹಿಡಿದರು ಅಂತ ಗೊತ್ತಾಗಬೇಕು. ಒಂದು ವಾರ ಬಿಟ್ಟು, ಎರಡೂ ಮನೆಯಿಂದ ಒಬ್ಬೊಬ್ಬರು ರಸೀದಿ ಹಿಡಿದು ಕೂತರೆ ಒಂದು ಗಂಟೆ ಕೆಲಸ. ಫೋಟೋದವರ ಬಾಕಿ ಮಾತ್ರ ಆಲ್ಬಂ ಕೈಗೆ ಬಂದ ಮೇಲೆ ಕೊಡಿ.